ಅಪ್ಪ ಅಮ್ಮನ 40ನೇ ವಿವಾಹ ವಾರ್ಷಿಕೋತ್ಸವದ ಬರಹ: ಯಾವ ಸಾಲು ಉಳಿಯಬೇಕು, ಯಾವುದು ಬೇಡ?

ಸುಮತಿ

ಮುಂದಿನ ವಾರ ನಮ್ಮ ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ ತುಂಬುತ್ತದೆ. ಆ ದಿನ ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಬರಹ ಹಾಕಬೇಕೆಂದಿದ್ದೇನೆ. ನನ್ನ ತಂಗಿ ಕರಡನ್ನು ಓದಿ, "ಅಕ್ಕಾ, ಇದರಲ್ಲಿ ಪ್ರೀತಿ ಇದೆ ನಿಜ, ಆದರೆ ನಮ್ಮ ಮನೆಯ ಒಳಗಿನದೆಲ್ಲವೂ ಇದೆಯಲ್ಲ" ಎಂದಳು. ಅವಳ ಮಾತು ಸರಿಯೆನಿಸುತ್ತದೆ, ಆದರೆ ಎಲ್ಲಿ ಕತ್ತರಿಸಬೇಕೆಂದು ತಿಳಿಯುತ್ತಿಲ್ಲ. ಕರಡು ಹೀಗಿದೆ:

"ಅಪ್ಪ ಅಮ್ಮನಿಗೆ 40ನೇ ವಿವಾಹ ವಾರ್ಷಿಕೋತ್ಸವದ ಶುಭಾಶಯಗಳು. ಎರಡೂ ಮನೆಯವರ ವಿರೋಧವನ್ನು ಎದುರಿಸಿ ಮದುವೆಯಾದ ಇವರು ಆದರ್ಶ ದಂಪತಿಗಳು. ಅಪ್ಪನ ವ್ಯವಹಾರ ಮುಳುಗಿದಾಗ ಅಮ್ಮ ತಮ್ಮ ಒಡವೆಗಳನ್ನೆಲ್ಲ ಮಾರಿ ಸಂಸಾರವನ್ನು ಉಳಿಸಿದರು. ಹೋದ ವರ್ಷ ಅಮ್ಮನ ಶಸ್ತ್ರಚಿಕಿತ್ಸೆ ನಡೆದಾಗ ಅಪ್ಪ ಆಸ್ಪತ್ರೆಯ ಹೊರಗೆ ಕುಳಿತು ಅತ್ತದ್ದನ್ನು ನಾನು ಮರೆಯಲಾರೆ. ಎಷ್ಟೋ ಸಲ ಪರಸ್ಪರ ಮಾತು ಬಿಟ್ಟಿದ್ದರೂ ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ. ನನಗಾಗಿ ತಮ್ಮ ಸರ್ವಸ್ವವನ್ನೂ ತ್ಯಾಗ ಮಾಡಿದ ನಿಮಗೆ ಕೋಟಿ ನಮನಗಳು."

ಜೊತೆಗೆ ಮದುವೆಯ ಹಳೆಯ ಚಿತ್ರವನ್ನೂ ಆಮಂತ್ರಣ ಪತ್ರಿಕೆಯ ಚಿತ್ರವನ್ನೂ ಹಾಕುವ ಯೋಚನೆಯಿದೆ.

ರವಿಕಿರಣ

ತುಂಬ ಚೆನ್ನಾಗಿದೆ, ಏನನ್ನೂ ಬದಲಿಸಬೇಡಿ. ನನ್ನ ಬಳಿ ವಾರ್ಷಿಕೋತ್ಸವಕ್ಕೆ ಹೊಂದುವ ನಾಲ್ಕು ಸಾಲಿನ ಪ್ರಾಸಬದ್ಧ ಪದ್ಯಗಳಿವೆ, ಬೇಕಿದ್ದರೆ ಕಳುಹಿಸುತ್ತೇನೆ. ಉಡುಗೊರೆಯ ಮೇಲೆ ಅಂಟಿಸಲು ಅವು ಹೇಳಿ ಮಾಡಿಸಿದಂತಿರುತ್ತವೆ.

ಸುಮತಿ

ಧನ್ಯವಾದಗಳು ರವಿಕಿರಣ್ ಅವರೇ, ಆದರೆ ನನ್ನ ಪ್ರಶ್ನೆ ಉಡುಗೊರೆಯ ಚೀಟಿಯ ಕುರಿತಾದದ್ದಲ್ಲ. ಅಪರಿಚಿತರೂ ಓದುವ ಜಾಗದಲ್ಲಿ ಎಷ್ಟು ಹೇಳಬಹುದು ಎಂಬುದು ನನ್ನ ಗೊಂದಲ.

ಗಿರೀಶ

ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಬರಹವನ್ನು ಸ್ನೇಹಿತರಿಗೆ ಮಾತ್ರ ಕಾಣುವಂತೆ ಹೊಂದಿಸಿ, ಅಪ್ಪ ಅಮ್ಮನನ್ನು ಟ್ಯಾಗ್ ಮಾಡಿ, ಮನಸ್ಸಿಗೆ ಬಂದದ್ದನ್ನು ಬರೆಯಿರಿ. ಹೊರಗಿನವರು ನೋಡದಿದ್ದ ಮೇಲೆ ಖಾಸಗಿ ವಿವರದ ಪ್ರಶ್ನೆಯೇ ಏಳುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಸ್ಥಳದ ಮಾಹಿತಿ ಅಡಗಿರುತ್ತದೆ, ಚಿತ್ರವನ್ನು ಇಳಿಸಿಕೊಂಡವರಿಗೆಲ್ಲ ನಿಮ್ಮ ಮನೆ ಎಲ್ಲಿದೆಯೆಂದು ಗೊತ್ತಾಗಿಬಿಡುತ್ತದೆ.

ಮುಕುಂದ

ಗಿರೀಶರು ಹೇಳಿದ್ದರಲ್ಲಿ ಅರ್ಧ ಸರಿ. ಸ್ನೇಹಿತರಿಗೆ ಮಾತ್ರ ಎಂದು ಹೊಂದಿಸಿದ ಬರಹದಲ್ಲಿ ನೀವು ಯಾರನ್ನಾದರೂ ಟ್ಯಾಗ್ ಮಾಡಿದರೆ, ಬೇರೆ ಆಯ್ಕೆ ಮಾಡದ ಹೊರತು, ಅದು ಟ್ಯಾಗ್ ಆದವರ ಸ್ನೇಹಿತರಿಗೂ ಕಾಣಿಸುತ್ತದೆ. ಅಪ್ಪನ ಪಟ್ಟಿಯಲ್ಲಿ ಅವರ ಹಳೆಯ ವ್ಯವಹಾರದ ಪಾಲುದಾರರೂ, ಸಾಲ ಕೊಟ್ಟವರೂ, ಒಮ್ಮೆ ಮಾತ್ರ ಭೇಟಿಯಾದವರೂ ಇರಬಹುದು. ನೀವು ಯಾರನ್ನು ಹೊರಗಿಡಲು ಬಯಸಿದಿರೋ ಅವರನ್ನೇ ಟ್ಯಾಗ್ ಒಳಗೆ ಕರೆತರುತ್ತದೆ. ಇನ್ನು ಪರದೆಯ ಚಿತ್ರ ತೆಗೆದು ಮನೆತನದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಒಬ್ಬರು ಎಲ್ಲ ಮನೆಗಳಲ್ಲೂ ಇದ್ದೇ ಇರುತ್ತಾರೆ.

ಸ್ಥಳದ ಮಾಹಿತಿಯ ವಿಷಯದಲ್ಲಿ ಅಷ್ಟು ಹೆದರಬೇಕಾಗಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಹಾಕಿದ ಚಿತ್ರವನ್ನು ಇತರರು ಇಳಿಸಿಕೊಂಡಾಗ ಆ ಗುಪ್ತ ಮಾಹಿತಿ ಸಾಮಾನ್ಯವಾಗಿ ಅದರಲ್ಲಿ ಉಳಿದಿರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಚಿತ್ರವಾಗಿಯೇ ಕಳುಹಿಸಿದರೂ ಹಾಗೆಯೇ. ಕಡತದ ರೂಪದಲ್ಲಿ ಕಳುಹಿಸಿದಾಗ ಮಾತ್ರ ಅದು ಇದ್ದಂತೆಯೇ ಹೋಗುತ್ತದೆ. ನಿಜವಾದ ಸೋರಿಕೆ ಚಿತ್ರದಲ್ಲಿ ಕಣ್ಣಿಗೆ ಕಾಣುವುದರಿಂದಲೇ ಆಗುತ್ತದೆ. ಆಮಂತ್ರಣ ಪತ್ರಿಕೆಯೆಂದರೆ ಎರಡೂ ಕಡೆಯ ಹಿರಿಯರ ಹೆಸರು, ಅಮ್ಮನ ತವರಿನ ಹೆಸರು, ವಿಳಾಸ, ಮದುವೆಯ ದಿನ ಎಲ್ಲವೂ ಒಂದೇ ಹಾಳೆಯಲ್ಲಿ. ಖಾತೆಯ ಗುಪ್ತಪದ ಮರೆತಾಗ ಕೇಳುವ ಭದ್ರತಾ ಪ್ರಶ್ನೆಗಳಲ್ಲಿ ತಾಯಿಯ ತವರಿನ ಹೆಸರು ಬಹಳ ಹಳೆಯದು. ಅದು ನಿಮ್ಮ ಖಾತೆಗೂ, ನಿಮ್ಮ ತಂಗಿಯ ಖಾತೆಗೂ ಅನ್ವಯಿಸುತ್ತದೆ. ಪತ್ರಿಕೆಯನ್ನು ಹಾಕಲೇಬೇಕೆಂದಿದ್ದರೆ ಅದರ ಅಂಚಿನ ಚಿತ್ತಾರವೂ ಇಬ್ಬರ ಹೆಸರುಗಳೂ ಮಾತ್ರ ಉಳಿಯುವಂತೆ ಚಿತ್ರವನ್ನು ಕತ್ತರಿಸಿ ಹಾಕಿ.

ಅನಂತಲಕ್ಷ್ಮಿ

ಮುಕುಂದರು ಯಂತ್ರದ ಮಗ್ಗುಲನ್ನು ಹೇಳಿದ್ದಾರೆ, ನಾನು ಬರಹದ ಮಗ್ಗುಲನ್ನು ಹೇಳುತ್ತೇನೆ. ಹಲವು ವರ್ಷ ಕುಟುಂಬಗಳ ನೆನಪಿನ ಸಂಚಿಕೆಗಳನ್ನು ತಿದ್ದುವ ಕೆಲಸ ಮಾಡಿದವಳು ನಾನು. ಇಂಥ ಕರಡುಗಳು ನನ್ನ ಕೈಗೆ ಬಹಳ ಬಂದಿವೆ. ಸುಮತಿಯವರೇ, ನಿಮ್ಮ ಕರಡಿನ ಒಂದೊಂದು ವಾಕ್ಯವನ್ನೂ ಹಿಡಿದು "ಈ ಸಂಗತಿ ಯಾರದ್ದು?" ಎಂದು ಕೇಳಿಕೊಳ್ಳಿ.

ಎರಡೂ ಮನೆಯವರ ವಿರೋಧ ಎಂಬ ಮಾತು ನಿಮ್ಮ ಅಪ್ಪ ಅಮ್ಮನ ಧೈರ್ಯವನ್ನು ಹೊಗಳುತ್ತದೆಂದು ನೀವು ಭಾವಿಸಿದ್ದೀರಿ. ಆದರೆ ಅಂದು ವಿರೋಧಿಸಿದವರಲ್ಲಿ ಕೆಲವರು ಇಂದು ಅದೇ ಬರಹದ ಕೆಳಗೆ ಶುಭಾಶಯ ಬರೆಯಲು ಬರುತ್ತಾರೆ. ನಲವತ್ತು ವರ್ಷಗಳಲ್ಲಿ ಮೆಲ್ಲನೆ ಸರಿಹೋದ ಸಂಬಂಧವೊಂದರಲ್ಲಿ ಅವರನ್ನು ನೀವು ಮತ್ತೆ ಹಳೆಯ ಪಾತ್ರದಲ್ಲಿ ನಿಲ್ಲಿಸುತ್ತೀರಿ. ವ್ಯವಹಾರ ಮುಳುಗಿದ ಸಂಗತಿ ಅಪ್ಪನದ್ದು, ಒಡವೆ ಮಾರಿದ ಸಂಗತಿ ಅಮ್ಮನದ್ದು. ಅದನ್ನು ಅವರು ಯಾರಿಗೆ ಹೇಳಿದ್ದಾರೆ, ಯಾರಿಂದ ಮುಚ್ಚಿಟ್ಟಿದ್ದಾರೆ ಎಂಬುದು ಮಕ್ಕಳಿಗೆ ಪೂರ್ತಿ ತಿಳಿದಿರುವುದಿಲ್ಲ. ಶಸ್ತ್ರಚಿಕಿತ್ಸೆಯ ಸಾಲು ಅಮ್ಮನ ಆರೋಗ್ಯವನ್ನೂ ಅಪ್ಪನ ಕಣ್ಣೀರನ್ನೂ ಒಟ್ಟಿಗೆ ಬಯಲಿಗೆ ತರುತ್ತದೆ, ಮಾರನೆಯ ದಿನದಿಂದ ಕಂಡವರೆಲ್ಲ ಅವರ ಆರೋಗ್ಯವನ್ನೇ ವಿಚಾರಿಸುತ್ತಾರೆ. ಮಾತು ಬಿಟ್ಟ ಸಾಲಂತೂ ಆ ದಾಂಪತ್ಯದ ಒಳಗಿನ ಮಾತು. ಮಕ್ಕಳು ಅದಕ್ಕೆ ಸಾಕ್ಷಿಗಳಾಗಿದ್ದರೆಂದ ಮಾತ್ರಕ್ಕೆ ಅದರ ವಾರಸುದಾರರಾಗುವುದಿಲ್ಲ.

"ಆದರ್ಶ ದಂಪತಿಗಳು" ಎಂಬುದು ಬೇರೆ ಬಗೆಯ ತೊಂದರೆ. ಅದು ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ, ಆದರೆ ಹತ್ತಿರದಿಂದ ಬಲ್ಲವರು ಅದನ್ನು ಓದಿ ಒಳಗೊಳಗೇ ನಗುತ್ತಾರೆ, ಅಪ್ಪ ಅಮ್ಮನಿಗೂ ಮುಜುಗರವಾಗುತ್ತದೆ. ಇನ್ನು ಕೊನೆಯ ವಾಕ್ಯದ "ನನಗಾಗಿ" ಎಂಬ ಒಂದು ಪದದಲ್ಲಿ ನಿಮ್ಮ ತಂಗಿ ಮನೆಯಿಂದಲೇ ಮಾಯವಾಗಿದ್ದಾಳೆ, ಮಾತ್ರವಲ್ಲ, ಅವರಿಬ್ಬರ ದಿನ ನಿಮ್ಮ ದಿನವಾಗಿಬಿಟ್ಟಿದೆ.

ಸುಮತಿ

ನೀವು ಹೇಳಿದ್ದನ್ನೆಲ್ಲ ತೆಗೆದರೆ ಉಳಿಯುವುದು ಮೊದಲ ವಾಕ್ಯ ಮಾತ್ರ. ಅಂಗಡಿಯಲ್ಲಿ ಕೊಂಡ ಅಚ್ಚಿನ ಕಾರ್ಡಿನಂತೆ ಕಾಣುತ್ತದೆ. ಎಲ್ಲರೂ ಹಾಕುವ ಶುಭಾಶಯವನ್ನೇ ನಾನೂ ಹಾಕಬೇಕೇ?

ಅನಂತಲಕ್ಷ್ಮಿ

ಬೇಡ. ಬಹಳ ಮಂದಿ ಇಲ್ಲಿಯೇ ಎಡವುತ್ತಾರೆ: ಗುಟ್ಟು ಹೇಳದಿದ್ದರೆ ಪ್ರೀತಿ ಕಾಣದು ಎಂದುಕೊಂಡು ಮತ್ತೆ ಆ ಕಷ್ಟದ ಸಾಲುಗಳಿಗೇ ಮರಳುತ್ತಾರೆ. ನಿಮ್ಮ ಕರಡಿನಲ್ಲಿದ್ದವು ದೊಡ್ಡ ಘಟನೆಗಳು. ನಷ್ಟ, ಕಾಯಿಲೆ, ವಿರೋಧ ಯಾರ ಬಾಳಿನಲ್ಲಾದರೂ ಬರುವಂಥವು. ಅವುಗಳಿಂದ ಓದುಗರಿಗೆ ನಿಮ್ಮ ಅಪ್ಪ ಅಮ್ಮ ಎಂಥವರೆಂದು ತಿಳಿಯುವುದೇ ಇಲ್ಲ, ಅವರ ಮೇಲೆ ಕನಿಕರ ಮಾತ್ರ ಹುಟ್ಟುತ್ತದೆ. ಅವರಿಬ್ಬರ ನಡುವೆ ಮಾತ್ರ ನಡೆಯುವ, ಆದರೆ ಮನೆಗೆ ಬಂದ ಅತಿಥಿಯೊಬ್ಬರು ಹೊರಕೋಣೆಯಲ್ಲಿ ಕುಳಿತೇ ನೋಡಬಹುದಾದ ಒಂದು ಅಭ್ಯಾಸ ಬೇಕು. ಅತಿಥಿಯ ಎದುರಿಗೆ ಸಹಜವಾಗಿ ನಡೆಯುವುದನ್ನು ಬರೆದರೆ ಯಾರ ಗುಟ್ಟೂ ಹೊರಬೀಳುವುದಿಲ್ಲ, ಆದರೂ ಅದು ಬೇರೆ ಯಾವ ದಂಪತಿಗೂ ಹೊಂದುವುದಿಲ್ಲ.

ಹೊಗಳಿಕೆಯನ್ನು ಬದಿಗಿಟ್ಟು ಉತ್ತರಿಸಿ. ಒಬ್ಬರು ಮನೆಗೆ ಬರುವುದು ತಡವಾದರೆ ಇನ್ನೊಬ್ಬರು ಏನು ಮಾಡುತ್ತಾರೆ? ಒಟ್ಟಿಗೆ ಹೊರಟಾಗ ಮುಂದೆ ನಡೆಯುವವರು ಯಾರು? ಯಾವ ವಿಷಯಕ್ಕೆ ಅವರ ವಾದ ಎಂದೂ ಮುಗಿಯುವುದಿಲ್ಲ?

ಸುಮತಿ

ಮುಂದೆ ನಡೆಯುವವರು ಅಪ್ಪ. ದಿನವೂ ಬೆಳಿಗ್ಗೆ ಆರು ಗಂಟೆಗೆ ಕೆರೆಯ ಸುತ್ತ ನಡೆಯಲು ಹೋಗುತ್ತಾರೆ. ಅಪ್ಪ ಮುಂದೆ ಹೋಗಿ, ತಿರುವಿನಲ್ಲಿ ನಿಂತು, ಏನನ್ನೋ ನೋಡುತ್ತಿರುವವರಂತೆ ನಟಿಸುತ್ತ ಅಮ್ಮನಿಗಾಗಿ ಕಾಯುತ್ತಾರೆ. ಕಾಯುತ್ತಿದ್ದೆನೆಂದು ಮಾತ್ರ ಇಂದಿಗೂ ಒಪ್ಪಿಕೊಂಡಿಲ್ಲ.

ಇನ್ನೊಂದು ಪದಬಂಧದ್ದು. ಅಪ್ಪ ಸುಳಿವುಗಳನ್ನು ಗಟ್ಟಿಯಾಗಿ ಓದುತ್ತಾರೆ, ಅಮ್ಮ ಒಳಗಿನ ಕೋಣೆಯಿಂದಲೇ ಉತ್ತರ ಹೇಳುತ್ತಾರೆ. ಅಮ್ಮ ಉತ್ತರಿಸದಿದ್ದರೆ ಅಪ್ಪ ಬೇಕೆಂದೇ ಒಂದು ತಪ್ಪು ಪದ ಬರೆದು ಅದನ್ನೂ ಗಟ್ಟಿಯಾಗಿ ಓದುತ್ತಾರೆ. ಆಗ ಅಮ್ಮ ಎದ್ದು ಬರುತ್ತಾರೆ.

ಅನಂತಲಕ್ಷ್ಮಿ

ನಿಮ್ಮ ಬಳಿ ಇಷ್ಟು ಇಟ್ಟುಕೊಂಡು ಒಡವೆಯ ಕಥೆಗೆ ಏಕೆ ಹೋದಿರಿ! ಎರಡರಲ್ಲಿ ಒಂದನ್ನು ಮಾತ್ರ ಆರಿಸಿ. ಎರಡನ್ನೂ ಸೇರಿಸಿದರೆ ಒಂದು ಇನ್ನೊಂದರ ಬಲವನ್ನು ಕುಂದಿಸುತ್ತದೆ. ನನ್ನ ಆಯ್ಕೆ ಪದಬಂಧ. ನಡಿಗೆಯದ್ದೂ ಸೊಗಸಾಗಿದೆ, ಆದರೆ ಅದನ್ನು ಬರೆಯುವುದಾದರೆ ಹೊತ್ತನ್ನೂ ಜಾಗವನ್ನೂ ಬಿಡಲೇಬೇಕು, ಏಕೆಂದರೆ ದಿನವೂ ಯಾವ ಗಳಿಗೆಯಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲವೆಂಬುದನ್ನು ಅದು ಹೇಳಿಬಿಡುತ್ತದೆ. ತಿರುವಿನಲ್ಲಿ ಕಾಯುವ ಅಪ್ಪನನ್ನು ಕಾಣಲು ಓದುಗರಿಗೆ ಆರು ಗಂಟೆ ಎಂಬುದು ಬೇಕಾಗಿಲ್ಲ.

ಬರೆಯುವಾಗ ಪ್ರೀತಿ, ತ್ಯಾಗ, ಅನುಬಂಧ ಎಂಬ ಪದಗಳನ್ನು ಒಮ್ಮೆ ಪೂರ್ತಿ ಬಿಟ್ಟು ನೋಡಿ. ಕೊನೆಯಲ್ಲಿ ಒಂದು ಕಡೆ ಬೇಕೆನಿಸಿದರೆ ಸೇರಿಸಬಹುದು.

ವಿಮಲಾ

ನನ್ನ ಸಂದರ್ಭ ಬೇರೆ, ಆದರೂ ಕೇಳುತ್ತೇನೆ. ನಮ್ಮ ತಂದೆ ಈಗಿಲ್ಲ. ಅವರು ಹೋದ ನಂತರ ಬರುತ್ತಿರುವ ಮೊದಲ ವಾರ್ಷಿಕೋತ್ಸವದಂದು ಅಮ್ಮನಿಗಾಗಿ ಏನಾದರೂ ಬರೆಯಬೇಕೆಂಬ ಆಸೆ. ತಿಳಿಯದವರು ಕೆಳಗೆ "ನೂರು ಕಾಲ ಜೊತೆಯಾಗಿ ಬಾಳಿ" ಎಂದು ಬರೆದರೆ ಅಮ್ಮ ಅದನ್ನು ಹೇಗೆ ಓದಿಯಾರು ಎಂಬ ಭಯ.

ಅನಂತಲಕ್ಷ್ಮಿ

ವಿಮಲಾ ಅವರೇ, ತಂದೆಯವರು ಇಲ್ಲವೆಂಬುದು ಮೊದಲ ವಾಕ್ಯದಲ್ಲಿಯೇ ನೇರವಾಗಿ ಬರಲಿ. ಉದ್ದದ ಬರಹದ ಮೊದಲ ಕೆಲವು ಸಾಲುಗಳಷ್ಟೇ ತೆರೆಯ ಮೇಲೆ ಕಾಣುತ್ತವೆ. ಉಳಿದದ್ದು ಒತ್ತಿದ ಮೇಲೆ ತೆರೆದುಕೊಳ್ಳುತ್ತದೆ. ಅನೇಕರು ಚಿತ್ರವನ್ನೂ ಆ ಸಾಲುಗಳನ್ನೂ ನೋಡಿ ಶುಭಾಶಯ ಬರೆದು ಹೋಗುತ್ತಾರೆ. "ಅಪ್ಪ ನಮ್ಮೊಂದಿಗಿಲ್ಲದ ಈ ವರ್ಷವೂ ಇದು ಅಪ್ಪ ಅಮ್ಮನ ದಿನವೇ" ಎಂದು ಆರಂಭಿಸಿದರೆ ಬಹುಪಾಲು ತಪ್ಪು ತಿಳಿವಳಿಕೆ ತಪ್ಪುತ್ತದೆ. ಕಾಯಿಲೆಯ ಹೆಸರು, ಕೊನೆಯ ದಿನಗಳ ವಿವರ ಬೇಡ. ನಿಮ್ಮ ತಾಯಿಯವರು ಆ ದಿನ ಏನನ್ನೂ ಓದಲು ಬಯಸದಿರಬಹುದು. ಆಗ ಬರಹವನ್ನು ಅವರಿಗೆ ಕೈಯಲ್ಲಿ ಬರೆದು ಕೊಡುವುದೇ ಒಳ್ಳೆಯದು.

ಪ್ರಸನ್ನ

ಇಷ್ಟೆಲ್ಲ ತಿದ್ದಿದ ಮೇಲೆ ಅಪ್ಪ ಅಮ್ಮನಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕೆಂದು ಯಾರಾದರೂ ಹೇಳುವ ಮೊದಲೇ ನನ್ನ ಆಕ್ಷೇಪವನ್ನು ದಾಖಲಿಸುತ್ತೇನೆ. ಮುಂಚೆಯೇ ತೋರಿಸಿದರೆ ಬೆರಗು ಎಲ್ಲಿ ಉಳಿಯುತ್ತದೆ? ಒಪ್ಪಿಗೆ ಪಡೆದ ಪ್ರೀತಿ ಕಚೇರಿಯ ಟಿಪ್ಪಣಿಯಂತಿರುತ್ತದೆ.

ಅನಂತಲಕ್ಷ್ಮಿ

ಬೆರಗು ಬೇಕಾದವರು ಎಲ್ಲರಿಗೂ ಕಾಣದಂತೆ ಕೊಡಬಹುದಲ್ಲವೇ? ನೂರಾರು ಜನರ ಮುಂದೆ ಬೆರಗಾಗಬೇಕೆಂದು ಅವರು ಕೇಳಿಲ್ಲ. ಆದರೆ ಕೇಳುವ ರೀತಿಯ ವಿಷಯದಲ್ಲಿ ನಿಮ್ಮ ಮಾತನ್ನು ಸ್ವಲ್ಪ ಒಪ್ಪುತ್ತೇನೆ. "ಇದನ್ನು ಹಾಕಲೇ?" ಎಂದು ಕೇಳಿದರೆ ಮಕ್ಕಳ ಮನಸ್ಸು ನೋಯಬಾರದೆಂದು ಹೆತ್ತವರು "ಹಾಕು" ಎಂದೇ ಹೇಳುತ್ತಾರೆ, ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. "ಇದರಲ್ಲಿ ಒಂದು ಸಾಲು ತೆಗೆಯಬೇಕಾದರೆ ಯಾವುದನ್ನು ತೆಗೆಯಲಿ?" ಎಂದು ಕೇಳಿ, ಅದೂ ಇಬ್ಬರನ್ನೂ ಬೇರೆ ಬೇರೆಯಾಗಿ. ತಟ್ಟನೆ ಒಂದು ಸಾಲನ್ನು ತೋರಿಸಿದರೆ ಅದು ಅವರಿಗೆ ಮೊದಲಿನಿಂದಲೂ ಚುಚ್ಚುತ್ತಿತ್ತು ಎಂದೇ ಅರ್ಥ.

ಪ್ರಸನ್ನ

ಚುಚ್ಚುವ ಸಾಲುಗಳನ್ನೆಲ್ಲ ತೆಗೆದ ಮೇಲೂ ಕೇಳಬೇಕೆಂಬುದನ್ನು ನಾನು ಒಪ್ಪಲಾರೆ. ಪದಬಂಧದ ಸಂಗತಿಯನ್ನು ಓದಿ ನೊಂದುಕೊಳ್ಳುವವರು ಯಾರಿದ್ದಾರೆ?

ಗಿರೀಶ

ಟ್ಯಾಗ್ ವಿಷಯದಲ್ಲಿ ಮುಕುಂದರು ಹೇಳಿದ್ದು ನನಗೆ ತಿಳಿದಿರಲಿಲ್ಲ. ಆದರೆ ಒಂದು ಅನುಮಾನ ಉಳಿದಿದೆ. ಆ ದಿನವೇ ಬರಹ ಹಾಕಿ 40 ಎಂದೂ ಬರೆದರೆ ಮದುವೆಯ ದಿನ, ತಿಂಗಳು, ವರ್ಷ ಮೂರೂ ಸಿಕ್ಕಂತಾಯಿತು. ಎಷ್ಟೋ ಹಿರಿಯರು ಅದೇ ವರ್ಷವನ್ನು ಬ್ಯಾಂಕ್ ಕಾರ್ಡಿನ ನಾಲ್ಕು ಅಂಕಿಯ ರಹಸ್ಯ ಸಂಖ್ಯೆಯಾಗಿ ಇಟ್ಟುಕೊಂಡಿರುತ್ತಾರೆ. ಹಾಗಿರುವಾಗ 40 ಎಂಬುದನ್ನೇ ಬಿಡಬೇಕಲ್ಲವೇ?

ಮುಕುಂದ

ಪ್ರಶ್ನೆ ಸರಿಯಾಗಿದೆ, ಆದರೆ ನನ್ನ ಮಟ್ಟಿಗೆ ಬದಲಾಗಬೇಕಾದದ್ದು ಬರಹವಲ್ಲ, ಆ ರಹಸ್ಯ ಸಂಖ್ಯೆ. ಮದುವೆಯ ವರ್ಷ ನೆಂಟರಿಗೆಲ್ಲ ಗೊತ್ತಿರುವ ಸಂಗತಿ. ಈ ಬರಹ ಇಲ್ಲದಿದ್ದರೂ ಅದು ರಹಸ್ಯ ಸಂಖ್ಯೆಯಾಗಲು ತಕ್ಕದ್ದಲ್ಲ. ಈ ನೆಪದಲ್ಲಿ ಅಪ್ಪ ಅಮ್ಮನ ಬಳಿ ಕುಳಿತು ಅದನ್ನು ಬದಲಿಸಿ ಕೊಡಿ. ಅದು ಈ ವಾರ ಆಗದಿದ್ದರೆ 40 ಎಂಬುದನ್ನು ಬಿಟ್ಟು ಬರೆಯಿರಿ.

ಇನ್ನೊಂದು ಮಾತು. ಫೇಸ್‌ಬುಕ್‌ನಲ್ಲಿ ಪ್ರಕಟಿಸಿದ ಮೇಲೆ ಬರಹವನ್ನು ತಿದ್ದಿದರೆ ಹಳೆಯ ರೂಪ ಅಳಿದುಹೋಗುವುದಿಲ್ಲ; ಬರಹವನ್ನು ನೋಡಬಲ್ಲವರು ತಿದ್ದುಪಡಿಗಳ ಇತಿಹಾಸವನ್ನೂ ತೆರೆದು ನೋಡಬಹುದು. ಹೇಳಬಾರದ ಸಾಲೊಂದು ಹೋಗಿಬಿಟ್ಟರೆ ತಿದ್ದಲು ಹೋಗದೆ, ಇಡೀ ಬರಹವನ್ನು ಅಳಿಸಿ ಹೊಸದಾಗಿ ಹಾಕಿ.

ಸುಮತಿ

ನಿನ್ನೆ ರಾತ್ರಿ ತಂಗಿಯೂ ನಾನೂ ಕುಳಿತು ಹೀಗೆ ಬರೆದೆವು:

"ಅಪ್ಪ ಅಮ್ಮನ ಮದುವೆಯಾಗಿ 40 ವರ್ಷವಾಯಿತು. ಅಪ್ಪ ಪದಬಂಧ ಬಿಡಿಸಲು ಕುಳಿತರೆ ಸುಳಿವುಗಳನ್ನು ಗಟ್ಟಿಯಾಗಿ ಓದುತ್ತಾರೆ. ಅಮ್ಮ ಒಳಗಿನ ಕೋಣೆಯಿಂದಲೇ ಉತ್ತರ ಹೇಳುತ್ತಾರೆ. ಅಮ್ಮ ಉತ್ತರಿಸದಿದ್ದರೆ ಅಪ್ಪ ಬೇಕೆಂದೇ ಒಂದು ತಪ್ಪು ಪದವನ್ನು ಬರೆದು ಅದನ್ನೂ ಗಟ್ಟಿಯಾಗಿ ಓದುತ್ತಾರೆ. ಅದನ್ನು ಕೇಳಿಸಿಕೊಂಡು ಸುಮ್ಮನಿರಲು ಅಮ್ಮನಿಂದ ಸಾಧ್ಯವಿಲ್ಲ. ತಿದ್ದಲು ಹೊರಗೆ ಬಂದೇ ಬರುತ್ತಾರೆ. ಆ ಪದಬಂಧ ಪೂರ್ತಿಯಾದದ್ದನ್ನು ನಾವಿಬ್ಬರೂ ಕಂಡಿಲ್ಲ, ಏಕೆಂದರೆ ಅಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಾರೆ. ಇಬ್ಬರಿಗೂ ನಮ್ಮಿಬ್ಬರ ಪ್ರೀತಿಯ ಶುಭಾಶಯಗಳು."

ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆವು. ಅಮ್ಮ ಯಾವ ಸಾಲನ್ನೂ ತೆಗೆಯಬೇಡಿ ಎಂದರು, ಆದರೆ ಮದುವೆಯ ಚಿತ್ರ ಬೇಡವೆಂದು ಖಂಡಿತವಾಗಿ ಹೇಳಿದರು. ಅದರಲ್ಲಿ ಹಿಂದೆ ನಿಂತಿರುವ ಒಬ್ಬರ ಮನೆಯಲ್ಲಿ ಈಚೆಗೆ ಏನೋ ನಡೆದಿದೆಯಂತೆ. ನಮಗೆ ಅದು ಹೊಳೆಯುವ ಸಂಭವವೇ ಇರಲಿಲ್ಲ. ಅಪ್ಪ "ಬೇಕೆಂದೇ" ಎಂಬ ಪದವನ್ನು ತೆಗೆಯಬೇಕೆಂದು ಹಟ ಹಿಡಿದಿದ್ದಾರೆ. ತಾವು ಬರೆದದ್ದು ನಿಜವಾಗಿಯೂ ಸರಿಯುತ್ತರವೆಂದೇ ಅವರ ವಾದ.

ಅನಂತಲಕ್ಷ್ಮಿ

ಬರಹ ಈಗ ಅವರದ್ದಾಯಿತು. "ಬೇಕೆಂದೇ" ಹೋದರೆ ಆ ಸಾಲಿನ ನಗುವೇ ಹೋಗುತ್ತದೆ, ಆದ್ದರಿಂದ ಪದವನ್ನು ಉಳಿಸಿಕೊಂಡು "ಬೇಕೆಂದೇ ಬರೆಯುವುದಿಲ್ಲವೆಂದು ಅವರು ಇಂದಿಗೂ ವಾದಿಸುತ್ತಾರೆ" ಎಂದು ಇನ್ನೊಂದು ವಾಕ್ಯ ಸೇರಿಸಿ. ಅಪ್ಪನ ಮಾತಿಗೂ ಜಾಗ ಸಿಕ್ಕಂತಾಗುತ್ತದೆ.

ಪ್ರಸನ್ನ

ಚಿತ್ರದ ವಿಷಯದಲ್ಲಿ ಕೇಳಿದ್ದು ಒಳ್ಳೆಯದೇ ಆಯಿತೆಂದು ಒಪ್ಪುತ್ತೇನೆ. ಬರಹದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಸುಮತಿ

ಆ ವಾಕ್ಯವನ್ನು ಸೇರಿಸಿದೆವು. ಈಗ ಉಳಿದ ಚಿಂತೆ ಒಂದೇ. ನಮ್ಮ ಸೋದರಮಾವನಿಗೆ ಹಳೆಯ ಕಥೆ ಹೇಳುವುದೆಂದರೆ ಬಲು ಇಷ್ಟ. ನಾವು ಬರೆಯದೆ ಬಿಟ್ಟ ವಿರೋಧದ ಕಥೆಯನ್ನು ಅವರು ಕೆಳಗೆ ಪ್ರತಿಕ್ರಿಯೆಯಾಗಿ ಬರೆದೇ ಬರೆಯುತ್ತಾರೆ.

ಮುಕುಂದ

ಎಲ್ಲರಿಗೂ ಕಾಣುವ ಬರಹಕ್ಕೆ ಸ್ನೇಹಿತರು ಮಾತ್ರ ಪ್ರತಿಕ್ರಿಯಿಸುವಂತೆ ಮಾಡಬಹುದು, ಆದರೆ ಮಾವ ನಿಮ್ಮ ಸ್ನೇಹಿತರ ಪಟ್ಟಿಯಲ್ಲೇ ಇರುವುದರಿಂದ ಅದು ಇಲ್ಲಿ ಕೆಲಸಕ್ಕೆ ಬಾರದು. ನಿಮ್ಮ ಬರಹದ ಕೆಳಗಿನ ಪ್ರತಿಕ್ರಿಯೆಯನ್ನು ಅಳಿಸುವ ಅಧಿಕಾರ ನಿಮಗಿದೆ. ಅಳಿಸಿದ್ದು ಅವರಿಗೆ ಗೊತ್ತಾದರೆ ಮುಂದಿನದನ್ನು ನೀವೇ ನಿಭಾಯಿಸಬೇಕು.

ಅನಂತಲಕ್ಷ್ಮಿ

ಅಳಿಸುವವರೆಗೆ ಹೋಗಬೇಡಿ. ಬರಹ ಹಾಕುವ ಮುನ್ನ ಅವರಿಗೆ ಕರೆ ಮಾಡಿ, "ಮಾವಾ, ಮದುವೆಯ ದಿನದ ಒಂದು ತಮಾಷೆಯ ಸಂಗತಿಯನ್ನು ನೀವೇ ಮೊದಲು ಬರೆಯಬೇಕು" ಎಂದು ಕೇಳಿಕೊಳ್ಳಿ. ಹೇಳಲು ತವಕಿಸುವವರಿಗೆ ಬೇಡವೆಂದರೆ ನಾಟುವುದಿಲ್ಲ. ಏನು ಹೇಳಬೇಕೆಂದು ಕೇಳಿಕೊಂಡರೆ ಬಹುತೇಕ ಅದನ್ನೇ ಹೇಳುತ್ತಾರೆ.

ವಿಮಲಾ

ನಮ್ಮ ಕಡೆಯವರೊಬ್ಬರಿಗೆ ಹೀಗೆ ಕೇಳಿಕೊಂಡರೆ ತಮಾಷೆಯ ಸಂಗತಿಯೆಂದು ಆ ಕಥೆಯನ್ನೇ ಬರೆದಾರು. ಸುಮತಿಯವರ ಮಾವ ಎಂಥವರೋ ಅವರಿಗೇ ಗೊತ್ತು.

ಸುಮತಿ

ಮಾವನೂ ಸ್ವಲ್ಪ ಅಂಥವರೇ. ತಂಗಿ ನಾಳೆ ಕರೆ ಮಾಡುತ್ತಾಳೆ; ನನ್ನ ಮಾತಿಗಿಂತ ಅವಳ ಮಾತನ್ನು ಅವರು ಹೆಚ್ಚು ಕೇಳುತ್ತಾರೆ.